ಕಿಲೋಮೀಟರಿನ ಪೇಸ್, ಮೈಲಿಯ ಪೇಸ್, ಗಂಟೆಯ ವೇಗ: ಒಂದರಿಂದ ಇನ್ನೊಂದಕ್ಕೆ ಹೋಗುವ ಲೆಕ್ಕ

ತರಬೇತಿ ಯೋಜನೆಯಲ್ಲಿ ಮೈಲಿಗೆ 8:51 ಎಂದು ಬರೆದಿದೆ. ಕೈಗೆ ಕಟ್ಟಿದ ವಾಚ್ ಕಿಲೋಮೀಟರಿಗೆ 5:30 ಎಂದು ತೋರಿಸುತ್ತದೆ. ಟ್ರೆಡ್‌ಮಿಲ್‌ನ ಪರದೆಯಲ್ಲಿ 10.9 ಎಂದಿದೆ. ಮೂರೂ ಒಂದೇ ಓಟದ ಮಾತು. ಆದರೂ ಮೊದಲ ಸಲ ನೋಡುವವರಿಗೆ ಇವುಗಳ ನಡುವೆ ಯಾವ ನಂಟೂ ಕಾಣುವುದಿಲ್ಲ. ಪರಿವರ್ತನೆ ಮಾಡಿಕೊಡುವ ಕ್ಯಾಲ್ಕ್ಯುಲೇಟರ್‌ಗಳು ಬೇಕಾದಷ್ಟಿವೆ. ಆದರೆ ಓಡುತ್ತಿರುವಾಗ ಅವನ್ನು ತೆರೆದು ನೋಡಲಾಗದು. ಅಂಕಿ ತಪ್ಪಾಗಿ ಬಂದರೆ ಅದು ತಪ್ಪೆಂದು ಅವು ಹೇಳುವುದೂ ಇಲ್ಲ. ಲೆಕ್ಕ ಹೇಗೆ ನಡೆಯುತ್ತದೆಂದು ಒಮ್ಮೆ ಅರಿತುಕೊಂಡರೆ ಎರಡಕ್ಕೂ ದಾರಿ ಸಿಗುತ್ತದೆ.

ಪೇಸ್ ಎಂದರೆ ಇಷ್ಟು ದೂರಕ್ಕೆ ಎಷ್ಟು ಹೊತ್ತು ಎಂಬ ಲೆಕ್ಕ. ಇಲ್ಲಿ ದೂರ ಗೊತ್ತುಮಾಡಿದ್ದು, ಒಂದು ಕಿಲೋಮೀಟರ್ ಅಥವಾ ಒಂದು ಮೈಲಿ. ಬದಲಾಗುವುದು ಹೊತ್ತು. ವೇಗ ಇದಕ್ಕೆ ತಿರುಗುಮುರುಗು. ಒಂದು ಗಂಟೆ ಎಂಬುದು ಗೊತ್ತುಮಾಡಿದ್ದು, ಅದರೊಳಗೆ ಎಷ್ಟು ದೂರ ಹೋದಿರಿ ಎಂಬುದು ಬದಲಾಗುತ್ತದೆ. ಹಾಗಾಗಿ ಚುರುಕಾಗಿ ಓಡಿದಷ್ಟೂ ಪೇಸ್‌ನ ಅಂಕಿ ಇಳಿಯುತ್ತದೆ, ವೇಗದ ಅಂಕಿ ಏರುತ್ತದೆ. ಮುಂದೆ ಬರುವ ತೊಡಕುಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಕಿಲೋಮೀಟರಿನಿಂದ ಮೈಲಿಗೆ

ಒಂದು ಮೈಲಿ ಎಂದರೆ 1760 ಗಜ. 1959ರಲ್ಲಿ ಆರು ಇಂಗ್ಲಿಷ್ ಭಾಷಿಕ ದೇಶಗಳು ಒಪ್ಪಿಕೊಂಡ ಅಳತೆಯಂತೆ ಒಂದು ಗಜ ಸರಿಯಾಗಿ 0.9144 ಮೀಟರ್. ಎರಡನ್ನೂ ಗುಣಿಸಿದರೆ ಮೈಲಿ 1609.344 ಮೀಟರ್, ಅಂದರೆ 1.609344 ಕಿಲೋಮೀಟರ್. ಇದು ಅಂದಾಜಲ್ಲ, ಇಷ್ಟೇ ಎಂದು ಗೊತ್ತುಮಾಡಿದ ಸಂಖ್ಯೆ. ನಮ್ಮ ಕೆಲಸಕ್ಕೆ 1.609 ಸಾಕು.

ಮೈಲಿ ಕಿಲೋಮೀಟರಿಗಿಂತ ಉದ್ದ. ಅದೇ ಓಟದಲ್ಲಿ ಮೈಲಿ ಮುಗಿಸಲು ಹೆಚ್ಚು ಹೊತ್ತು ಬೇಕೇ ಬೇಕು. ಆದ್ದರಿಂದ ಕಿಲೋಮೀಟರಿನ ಪೇಸ್ ಅನ್ನು 1.609ರಿಂದ ಗುಣಿಸಿದರೆ ಮೈಲಿಯ ಪೇಸ್ ಬರುತ್ತದೆ. ಹಿಂದಕ್ಕೆ ಬರುವಾಗ ಭಾಗಿಸಬೇಕು. ಗುಣಿಸಬೇಕೋ ಭಾಗಿಸಬೇಕೋ ಎಂಬ ಗೊಂದಲ ಬಂದಾಗ ಸೂತ್ರ ನೆನಪಿಸಿಕೊಳ್ಳುವ ಬದಲು ಉತ್ತರವನ್ನು ನೋಡಿ: ಮೈಲಿಯ ಪೇಸ್ ಯಾವಾಗಲೂ ದೊಡ್ಡ ಅಂಕಿಯಾಗಿರಬೇಕು. ಕಿಲೋಮೀಟರಿಗೆ 5:30 ಓಡುವವರಿಗೆ ಮೈಲಿಗೆ 3:25 ಎಂದು ಉತ್ತರ ಬಂದರೆ, ಅದು ನಾಲ್ಕು ನಿಮಿಷದೊಳಗೆ ಮೈಲಿ ಮುಗಿಸುವ ಓಟ. ರೋಜರ್ ಬ್ಯಾನಿಸ್ಟರ್ 1954ರ ಮೇ 6ರಂದು 3 ನಿಮಿಷ 59.4 ಸೆಕೆಂಡಿನಲ್ಲಿ ಮೈಲಿ ಓಡುವವರೆಗೆ ನಾಲ್ಕು ನಿಮಿಷದ ಗೆರೆಯನ್ನು ದಾಟಿದ ದಾಖಲೆ ಯಾರ ಹೆಸರಿನಲ್ಲೂ ಇರಲಿಲ್ಲ. 3:25 ಎಂದು ಬಂತೆಂದರೆ ಗುಣಿಸುವಲ್ಲಿ ಭಾಗಿಸಿದ್ದೀರಿ.

ದಿಕ್ಕು ಸರಿಯಿದ್ದರೂ ಲೆಕ್ಕ ಕೆಡುವ ಇನ್ನೊಂದು ಜಾಗವಿದೆ. 5:30 ಎಂದರೆ ಐದು ನಿಮಿಷ ಮೂವತ್ತು ಸೆಕೆಂಡ್. ಕ್ಯಾಲ್ಕ್ಯುಲೇಟರಿನಲ್ಲಿ ಎರಡು ಚುಕ್ಕಿ ಒತ್ತಲು ಬರುವುದಿಲ್ಲವೆಂದು ಹಲವರು ಅದನ್ನು 5.30 ಎಂದು ಒತ್ತುತ್ತಾರೆ. ನಿಮಿಷಕ್ಕೆ ಅರವತ್ತು ಸೆಕೆಂಡ್. ಮೂವತ್ತು ಸೆಕೆಂಡ್ ಎಂದರೆ ಅರ್ಧ ನಿಮಿಷ, ಅಂದರೆ ದಶಮಾಂಶದಲ್ಲಿ 5.5. ಒತ್ತುವಾಗಲೂ ತಪ್ಪಿ, ಬಂದ ಉತ್ತರವನ್ನು ಓದುವಾಗಲೂ ತಪ್ಪಿದರೆ ಏನಾಗುತ್ತದೆ ನೋಡಿ. 5.30ನ್ನು 1.609ರಿಂದ ಗುಣಿಸಿದರೆ 8.53. ಅದನ್ನು 8:53 ಎಂದು ಓದುತ್ತೀರಿ. ಸರಿಯಾದ ಉತ್ತರ 8:51. ಎರಡು ತಪ್ಪುಗಳು ಒಂದನ್ನೊಂದು ಹೆಚ್ಚುಕಡಿಮೆ ಮುಚ್ಚಿಹಾಕಿವೆ, ಹಾಗಾಗಿ ಅನುಮಾನವೇ ಬರುವುದಿಲ್ಲ. ಆದರೆ ಅದೇ ಎರಡು ತಪ್ಪನ್ನು 5:50ರ ಮೇಲೆ ಮಾಡಿದರೆ 5.50 ಗುಣಿಸಿ 8.85 ಬರುತ್ತದೆ, ಮತ್ತು 8 ನಿಮಿಷ 85 ಸೆಕೆಂಡ್ ಎಂಬುದು ಇಲ್ಲವೇ ಇಲ್ಲ. ಅದನ್ನು 9:25 ಎಂದು ತಿದ್ದಿಕೊಂಡರೆ ನಿಜವಾದ 9:23ರಿಂದ ಎರಡು ಸೆಕೆಂಡ್ ದೂರ. ಬರೀ ಒಂದು ತಪ್ಪು ಮಾಡಿದಾಗ ಏಟು ಇನ್ನೂ ದೊಡ್ಡದು. 5.30 ಎಂದು ಒತ್ತಿ, ಬಂದ 8.53ನ್ನು ಮಾತ್ರ ಸರಿಯಾಗಿ ಬಿಡಿಸಿ ಓದಿದರೆ 8 ನಿಮಿಷ 32 ಸೆಕೆಂಡ್ ಆಗುತ್ತದೆ. ಮೈಲಿಗೆ ಹತ್ತೊಂಬತ್ತು ಸೆಕೆಂಡ್ ಚುರುಕಾದ ಪೇಸ್ ಅದು. ಅದನ್ನು ಗುರಿಯೆಂದು ನಂಬಿ ಉದ್ದನೆಯ ಓಟಕ್ಕೆ ಹೊರಟವರು ಅರ್ಧ ದಾರಿಯಲ್ಲೇ ಸೋತುಹೋಗುತ್ತಾರೆ.

ಇದರಿಂದ ತಪ್ಪಿಸಿಕೊಳ್ಳಲು ನನಗೆ ಗೊತ್ತಿರುವ ಅತ್ಯಂತ ಭದ್ರವಾದ ದಾರಿ ಎಲ್ಲವನ್ನೂ ಮೊದಲು ಸೆಕೆಂಡಿಗೆ ಇಳಿಸುವುದು. 5:30 ಎಂದರೆ ಐದರವತ್ತಲೆ ಮುನ್ನೂರು, ಅದಕ್ಕೆ ಮೂವತ್ತು ಸೇರಿಸಿ 330 ಸೆಕೆಂಡ್. 330ನ್ನು 1.609344ರಿಂದ ಗುಣಿಸಿದರೆ 531.08. ಅರವತ್ತರಿಂದ ಭಾಗಿಸಿದರೆ ಎಂಟು ನಿಮಿಷ, ಉಳಿದದ್ದು 51 ಸೆಕೆಂಡ್. ಮೈಲಿಗೆ 8:51. ಸೆಕೆಂಡಿನಲ್ಲಿರುವಾಗ ದಶಮಾಂಶದ ಗೊಡವೆಯೇ ಇಲ್ಲ. ನಿಮಿಷವಾಗಿ ಬಿಡಿಸುವುದು ಕಟ್ಟಕಡೆಗೆ, ಒಂದೇ ಸಲ.

ಓಡುತ್ತಾ ಮಾಡುವ ಲೆಕ್ಕ

ಮನಸ್ಸಿನಲ್ಲೇ ಮಾಡಲು ಇದಕ್ಕಿಂತ ಹಗುರವಾದ ದಾರಿ ಬೇಕು. ಕಿಲೋಮೀಟರಿನ ಪೇಸ್ ಮತ್ತು ಮೈಲಿಯ ಪೇಸ್ ಎರಡೂ ಒಂದೇ ಅನುಪಾತದಲ್ಲಿ ಏರುತ್ತವೆ, ಇಳಿಯುತ್ತವೆ. ಕಿಲೋಮೀಟರಿನಲ್ಲಿ ಐದು ಸೆಕೆಂಡ್ ಬದಲಾದರೆ ಮೈಲಿಯಲ್ಲಿ ಎಂಟು ಸೆಕೆಂಡ್ ಬದಲಾಗುತ್ತದೆ. ನಿಧಾನದ ಓಟವಿರಲಿ, ಚುರುಕಾದ ಓಟವಿರಲಿ, ಈ ಐದಕ್ಕೆ ಎಂಟು ಬದಲಾಗುವುದಿಲ್ಲ. ಹಾಗಾಗಿ ಒಂದು ಜೋಡಿಯನ್ನು ಗಟ್ಟಿಯಾಗಿ ನೆನಪಿಟ್ಟುಕೊಂಡರೆ ಉಳಿದದ್ದನ್ನು ಅಲ್ಲಿಂದ ಎಣಿಸಿಕೊಳ್ಳಬಹುದು. ನೆನಪಿಡಲು ಯೋಗ್ಯವಾದ ಜೋಡಿ ಇದು: ಕಿಲೋಮೀಟರಿಗೆ 5:00 ಎಂದರೆ ಮೈಲಿಗೆ 8:03.

5:20 ಬೇಕೆನ್ನಿ. ಐದರಿಂದ ಇಪ್ಪತ್ತು ಸೆಕೆಂಡ್ ಮೇಲೆ. ಇಪ್ಪತ್ತರಲ್ಲಿ ನಾಲ್ಕು ಐದು. ನಾಲ್ಕು ಎಂಟಲೆ ಮೂವತ್ತೆರಡು. 8:03ಕ್ಕೆ ಮೂವತ್ತೆರಡು ಸೇರಿಸಿದರೆ 8:35. ಕ್ಯಾಲ್ಕ್ಯುಲೇಟರ್ ಕೊಡುವ ಉತ್ತರವೂ ಅದೇ. 4:30 ಬೇಕೆಂದರೆ ಮೂವತ್ತು ಸೆಕೆಂಡ್ ಕೆಳಗೆ, ಅಂದರೆ ನಲವತ್ತೆಂಟು ಕಳೆದು 7:15, ನಿಜವಾದದ್ದು 7:14.5. ಮೇಲಕ್ಕೆ 6:00ರವರೆಗೆ ಹೋದರೂ 9:39 ಎಂದು ಸರಿಯಾಗಿಯೇ ಬರುತ್ತದೆ. ಹಿಂದಕ್ಕೆ ಬರುವುದೂ ಸುಲಭ. ಮೈಲಿಗೆ 9:00 ಎಂದು ಯಾರೋ ಹೇಳಿದರೆ, 8:03ಕ್ಕಿಂತ ಅದು 57 ಸೆಕೆಂಡ್ ಹೆಚ್ಚು. ಐವತ್ತೇಳರಲ್ಲಿ ಏಳು ಎಂಟು ಹೋಗಿ ಒಂದು ಉಳಿಯುತ್ತದೆ, ಏಳೈದಲೆ ಮೂವತ್ತೈದು. ಕಿಲೋಮೀಟರಿಗೆ 5:35, ಚೂರು ಹೆಚ್ಚು.

8:03 ಎಂದೇ ಹೇಳಿದೆ, 8:00 ಎಂದಲ್ಲ. ಐದಕ್ಕೆ ಎಂಟು ಎಂಬ ಅನುಪಾತ 1.6ಕ್ಕೆ ಸಮ, ಮೈಲಿ ಅದಕ್ಕಿಂತ ನೂರಕ್ಕೆ ಅರ್ಧದಷ್ಟು ಉದ್ದ. ಆ ಮೂರು ಸೆಕೆಂಡ್ ಬರುವುದು ಅಲ್ಲಿಂದ. ಕಿಲೋಮೀಟರಿಗೆ ಐದು ಎಂದರೆ ಮೈಲಿಗೆ ಎಂಟು ಎಂದು ಓಟಗಾರರು ಮಾತಿನ ನಡುವೆ ಹೇಳಿಕೊಳ್ಳುವುದು ಉಂಟು, ಹರಟೆಯ ಮಟ್ಟಿಗೆ ಅದು ಸರಿಯೇ. ಆ ಮೂರು ಸೆಕೆಂಡ್ ಯಾವಾಗ ಬೆಲೆಯುಳ್ಳದ್ದಾಗುತ್ತದೆ ಎಂಬುದನ್ನು ಕೊನೆಗೆ ನೋಡೋಣ.

ಪೇಸ್‌ನಿಂದ ವೇಗಕ್ಕೆ

ಗಂಟೆಯಲ್ಲಿ 3600 ಸೆಕೆಂಡ್ ಇವೆ. ಒಂದು ಕಿಲೋಮೀಟರಿಗೆ 330 ಸೆಕೆಂಡ್ ಬೇಕಾದರೆ, 3600ರಲ್ಲಿ 330 ಎಷ್ಟು ಸಲ ಹೋಗುತ್ತದೋ ಅಷ್ಟು ಕಿಲೋಮೀಟರ್ ಗಂಟೆಯಲ್ಲಿ ಮುಗಿಯುತ್ತದೆ. 3600 ಭಾಗಿಸು 330, ಅಂದರೆ 10.91. ಗಂಟೆಗೆ 10.9 ಕಿಲೋಮೀಟರ್. ನಿಮಿಷದಲ್ಲೇ ಮಾಡುವುದಾದರೆ 60ನ್ನು 5.5ರಿಂದ ಭಾಗಿಸಿ, ಉತ್ತರ ಒಂದೇ. ಹಿಂದಕ್ಕೆ ಬರಲು ಬೇರೆ ಸೂತ್ರ ಬೇಡ: 3600ನ್ನು ವೇಗದಿಂದ ಭಾಗಿಸಿದರೆ ಮತ್ತೆ ಸೆಕೆಂಡ್ ಸಿಗುತ್ತದೆ.

ಈ ಭಾಗಾಕಾರದ ಒಂದು ಸೊಗಸು ನನಗೆ ಬಹಳ ಇಷ್ಟ. ಅದಕ್ಕೆ ಕಿಲೋಮೀಟರ್, ಮೈಲಿ ಎಂಬ ಭೇದವಿಲ್ಲ. ಕಿಲೋಮೀಟರಿಗೆ ನಾಲ್ಕು ನಿಮಿಷ ಎಂದರೆ ಗಂಟೆಗೆ 15 ಕಿಲೋಮೀಟರ್. ಮೈಲಿಗೆ ನಾಲ್ಕು ನಿಮಿಷ ಎಂದರೆ ಗಂಟೆಗೆ 15 ಮೈಲಿ. ಆರಕ್ಕೆ ಹತ್ತು, ಐದಕ್ಕೆ ಹನ್ನೆರಡು, ನಾಲ್ಕಕ್ಕೆ ಹದಿನೈದು, ಏಳೂವರೆಗೆ ಎಂಟು. ಈ ನಾಲ್ಕು ಜೋಡಿಗಳು ತಲೆಯಲ್ಲಿದ್ದರೆ ನಡುವಿನವನ್ನು ಅಂದಾಜಿಸುವುದು ಕಷ್ಟವಲ್ಲ. ಮೈಲಿಯಲ್ಲಿ ವೇಗ ಬೇಕಾದರೆ ಮೈಲಿಯ ಪೇಸ್‌ನ ಸೆಕೆಂಡಿನಿಂದಲೇ ಭಾಗಿಸಿ: 3600 ಭಾಗಿಸು 531, ಗಂಟೆಗೆ 6.78 ಮೈಲಿ. ಅಥವಾ 10.91ನ್ನು 1.609ರಿಂದ ಭಾಗಿಸಿ, ಅದೇ ಸಿಗುತ್ತದೆ. ಗಮನಿಸಿ, ಕಿಲೋಮೀಟರಿನಿಂದ ಮೈಲಿಗೆ ಹೋಗುವಾಗ ಪೇಸ್ ಅನ್ನು ಗುಣಿಸಿದೆವು, ವೇಗವನ್ನು ಭಾಗಿಸಿದೆವು. ಉದ್ದದ ಅಳತೆಯಿಂದ ಅಳೆದಾಗ ಗಂಟೆಯಲ್ಲಿ ಸಿಗುವ ಅಳತೆಗಳ ಎಣಿಕೆ ಕಡಿಮೆಯಾಗಲೇಬೇಕು.

ಅಂಕಿಗಳ ಅಳವು ತಲೆಯಲ್ಲಿದ್ದರೆ ಯಂತ್ರದ ಮುಂದೆಯೂ ಅನುಕೂಲ. ಮೈಲಿಯಲ್ಲಿ ವೇಗ ತೋರಿಸುವ ಟ್ರೆಡ್‌ಮಿಲ್‌ನಲ್ಲಿ ಕಿಲೋಮೀಟರೆಂದು ತಿಳಿದು 10.9 ಒತ್ತಿದರೆ, ಅದು ಗಂಟೆಗೆ 17.5 ಕಿಲೋಮೀಟರಿನಷ್ಟು ಓಡತೊಡಗುತ್ತದೆ, ಕಿಲೋಮೀಟರಿಗೆ 3:25. ಬಿದ್ದು ಗಾಯವಾಗಲು ಅಷ್ಟು ಸಾಕು. ಹೊಸ ಯಂತ್ರವಾದರೆ ಮೊದಲು 6ಕ್ಕೆ ಹಾಕಿ ನೋಡಿ. ಗಂಟೆಗೆ ಆರು ಕಿಲೋಮೀಟರ್ ಬಿರುಸಿನ ನಡಿಗೆ. ಗಂಟೆಗೆ ಆರು ಮೈಲಿ ಚೆನ್ನಾದ ಓಟ. ಕಾಲಿಗೆ ಕೂಡಲೇ ತಿಳಿಯುತ್ತದೆ.

ಒಂದು ಗುಂಡಿಯ ಬೆಲೆ

ಕಿಲೋಮೀಟರ್ ಪೇಸ್ ಮತ್ತು ಮೈಲಿ ಪೇಸ್ ಜೊತೆಜೊತೆಯಾಗಿ ನಡೆಯುತ್ತವೆ ಎಂದೆ. ಪೇಸ್ ಮತ್ತು ವೇಗ ಹಾಗೆ ನಡೆಯುವುದಿಲ್ಲ. ಟ್ರೆಡ್‌ಮಿಲ್‌ನಲ್ಲಿ ಗುಂಡಿ ಒತ್ತಿದಾಗಲೆಲ್ಲ ವೇಗ ಸಾಮಾನ್ಯವಾಗಿ 0.1 ಏರುತ್ತದೆ. ಪ್ರತಿ ಒತ್ತಿಗೂ ಪೇಸ್ ಇಷ್ಟೇ ಸೆಕೆಂಡ್ ಇಳಿಯುತ್ತದೆಂದು ಭಾವಿಸುವುದು ಸಹಜ. ಆದರೆ ಗಂಟೆಗೆ 6 ಕಿಲೋಮೀಟರಿನಿಂದ 6.1ಕ್ಕೆ ಹೋದಾಗ ಪೇಸ್ 10:00ರಿಂದ 9:50ಕ್ಕೆ ಬರುತ್ತದೆ, ಹತ್ತು ಸೆಕೆಂಡ್ ಇಳಿಕೆ. 10ರಿಂದ 10.1ಕ್ಕೆ ಹೋದಾಗ ಇಳಿಯುವುದು ಮೂರೂವರೆ ಸೆಕೆಂಡ್. 12ರಿಂದ 12.1ಕ್ಕೆ ಎರಡೂವರೆ. 15ರಿಂದ 15.1ಕ್ಕೆ ಒಂದೂವರೆಗಿಂತ ತುಸು ಹೆಚ್ಚು.

ಕಾರಣ ಭಾಗಾಕಾರದಲ್ಲೇ ಇದೆ. 3600 ಸೆಕೆಂಡನ್ನು ಆರು ಪಾಲು ಮಾಡಿದಾಗ ಒಂದೊಂದು ಪಾಲೂ ದೊಡ್ಡದು, ಅದರಲ್ಲಿ ಚೂರು ಬದಲಾವಣೆಯೂ ಎದ್ದು ಕಾಣುತ್ತದೆ. ಹದಿನೈದು ಪಾಲು ಮಾಡಿದಾಗ ಪಾಲುಗಳೇ ಸಣ್ಣವು. ಆದ್ದರಿಂದ ನಿಧಾನವಾಗಿ ಓಡುವವರು ಪೇಸ್‌ನಲ್ಲಿ ಅರ್ಧ ನಿಮಿಷ ಗಳಿಸುವುದೂ, ಚುರುಕಾಗಿ ಓಡುವವರು ಅರ್ಧ ನಿಮಿಷ ಗಳಿಸುವುದೂ ಒಂದೇ ಅಲ್ಲ. 7:30ರಿಂದ 7:00ಕ್ಕೆ ಬಂದರೆ ವೇಗ ಗಂಟೆಗೆ 8ರಿಂದ ಸುಮಾರು 8.6ಕ್ಕೆ ಏರುತ್ತದೆ. 4:30ರಿಂದ 4:00ಕ್ಕೆ ಬರಬೇಕಾದರೆ 13.3ರಿಂದ 15ಕ್ಕೆ ಏರಬೇಕು, ಹೆಚ್ಚುಕಡಿಮೆ ಮೂರು ಪಟ್ಟು ದೊಡ್ಡ ಜಿಗಿತ. ತಂಡದಲ್ಲಿ ಎಲ್ಲರಿಗೂ ‘ಮುಂದಿನ ತಿಂಗಳು ಹದಿನೈದು ಸೆಕೆಂಡ್ ಇಳಿಸಿ’ ಎಂದು ಒಂದೇ ಗುರಿ ಕೊಡುವುದು ಅದಕ್ಕೇ ನ್ಯಾಯವಲ್ಲ. ಮುಂದಿರುವವರ ಮೇಲೆ ಅದು ಬಹಳ ಹೆಚ್ಚಿನ ಹೊರೆ.

ಸರಾಸರಿ ತೆಗೆಯುವಾಗಲೂ ಇದೇ ಕಾಡುತ್ತದೆ. ಐದು ಕಿಲೋಮೀಟರ್ ಏರುದಾರಿಯನ್ನು 6:00ರಲ್ಲಿ ಹತ್ತಿ, ಅದೇ ಐದು ಕಿಲೋಮೀಟರನ್ನು 4:00ರಲ್ಲಿ ಇಳಿದಿರಿ ಎನ್ನಿ. ಹತ್ತಲು 30 ನಿಮಿಷ, ಇಳಿಯಲು 20, ಒಟ್ಟು ಹತ್ತು ಕಿಲೋಮೀಟರಿಗೆ 50 ನಿಮಿಷ. ಸರಾಸರಿ ಪೇಸ್ 5:00, ವೇಗ ಗಂಟೆಗೆ 12. ಇದನ್ನೇ ವೇಗದ ಕಡೆಯಿಂದ ಮಾಡಿದವರು ಹತ್ತುವಾಗ 10, ಇಳಿಯುವಾಗ 15, ಸರಾಸರಿ ಹನ್ನೆರಡೂವರೆ ಎನ್ನುತ್ತಾರೆ. ಅದು ಕಿಲೋಮೀಟರಿಗೆ 4:48 ಆಗುತ್ತದೆ, ಓಡದೇ ಇರುವ ಪೇಸ್. ತಪ್ಪಾದದ್ದು ಎಲ್ಲಿ? ಗಂಟೆಗೆ 10ರ ವೇಗದಲ್ಲಿ ಅವರು ಕಳೆದದ್ದು 30 ನಿಮಿಷ, 15ರ ವೇಗದಲ್ಲಿ ಕಳೆದದ್ದು 20 ನಿಮಿಷ ಮಾತ್ರ. ನಿಧಾನದ ವೇಗಕ್ಕೆ ತೂಕ ಹೆಚ್ಚು.

ಹಾಗೆಂದು ಪೇಸ್‌ಗಳ ಸರಾಸರಿಯೇ ಯಾವಾಗಲೂ ಸರಿ ಎಂದಲ್ಲ. ಟ್ರೆಡ್‌ಮಿಲ್‌ನಲ್ಲಿ ಅರ್ಧ ಗಂಟೆ 10ರಲ್ಲಿ, ಇನ್ನರ್ಧ ಗಂಟೆ 15ರಲ್ಲಿ ಓಡಿದರೆ ಐದು ಕಿಲೋಮೀಟರ್ ಮತ್ತು ಏಳೂವರೆ ಕಿಲೋಮೀಟರ್, ಗಂಟೆಯಲ್ಲಿ ಹನ್ನೆರಡೂವರೆ. ಈಗ ವೇಗದ ಸರಾಸರಿ ಸರಿ, ಪೇಸ್‌ಗಳ ಸರಾಸರಿ 5:00 ತಪ್ಪು. ತುಂಡುಗಳು ಸಮ ದೂರದವಾದರೆ ಪೇಸ್ ಸರಾಸರಿ ಮಾಡಿ, ಸಮ ಹೊತ್ತಿನವಾದರೆ ವೇಗ ಸರಾಸರಿ ಮಾಡಿ. ಎರಡೂ ಅಲ್ಲದಿದ್ದರೆ ಒಟ್ಟು ಸೆಕೆಂಡನ್ನು ಒಟ್ಟು ದೂರದಿಂದ ಭಾಗಿಸುವುದೊಂದೇ ದಾರಿ, ಅದು ಎಂದೂ ಕೈಕೊಡುವುದಿಲ್ಲ.

ಓಟದ ದಾಖಲೆಯನ್ನು ಸ್ಪ್ರೆಡ್‌ಶೀಟ್‌ನಲ್ಲಿ ಇಡುವವರಿಗೆ ಇಲ್ಲಿ ಒಂದು ಎಚ್ಚರಿಕೆ. ಕೋಶದಲ್ಲಿ 5:30 ಎಂದು ಬರೆದರೆ ಅದು ಐದು ಗಂಟೆ ಮೂವತ್ತು ನಿಮಿಷವೆಂದು ದಾಖಲಾಗುತ್ತದೆ. 0:05:30 ಎಂದು ಬರೆಯಬೇಕು. ಪೇಸ್ `A2` ಕೋಶದಲ್ಲಿದ್ದರೆ ಮೈಲಿಯ ಪೇಸ್‌ಗೆ ಮೊದಲ ಸಾಲು, ಗಂಟೆಯ ವೇಗಕ್ಕೆ ಎರಡನೆಯ ಸಾಲು:

```
=A2*1.609344
=1/(24*A2)
```

ಸ್ಪ್ರೆಡ್‌ಶೀಟ್ ಹೊತ್ತನ್ನು ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ, 24ರಿಂದ ಗುಣಿಸುವುದು ಅದನ್ನು ಗಂಟೆಗೆ ತರಲು. ಮೊದಲ ಉತ್ತರದ ಕೋಶಕ್ಕೆ `[m]:ss` ರೂಪ ಕೊಡಿ, ಎರಡನೆಯದಕ್ಕೆ ಸಾಮಾನ್ಯ ಸಂಖ್ಯೆಯ ರೂಪ. 5:30 ಎಂದೇ ಬರೆದಿದ್ದರೆ ಮೈಲಿಯ ಉತ್ತರ ಗಂಟೆ-ನಿಮಿಷದ ರೂಪದಲ್ಲಿ 8:51 ಎಂದು ಸರಿಯಾಗಿ ಬಂದಂತೆ ಕಾಣುತ್ತದೆ, ಹಾಗಾಗಿ ತಪ್ಪು ಅಡಗಿ ಕೂರುತ್ತದೆ. ವೇಗದ ಸಾಲಿನಲ್ಲಿ ಮಾತ್ರ 10.91ರ ಬದಲು 0.18 ಬರುತ್ತದೆ. ಅರವತ್ತು ಪಟ್ಟು ಸಣ್ಣ ಅಂಕಿ ಕಂಡರೆ ನಿಮಿಷ ಗಂಟೆಯಾಗಿದೆ ಎಂದು ತಿಳಿಯಿರಿ.

ಮೂರೂವರೆ ಗಂಟೆಯ ಮ್ಯಾರಥಾನ್

ಇನ್ನು ಆ ಮೂರು ಸೆಕೆಂಡಿನ ವಿಚಾರ. ಮ್ಯಾರಥಾನ್ 42.195 ಕಿಲೋಮೀಟರ್, ಮೈಲಿಯಲ್ಲಿ 26.2188. ಮೂರೂವರೆ ಗಂಟೆಯೊಳಗೆ ಮುಗಿಸುವುದು ಅನೇಕರ ಗುರಿ. ಇಬ್ಬರು ಸ್ನೇಹಿತರು ಆ ಗುರಿ ಇಟ್ಟುಕೊಂಡಿದ್ದಾರೆ ಎನ್ನಿ. ಒಬ್ಬರ ವಾಚ್ ಕಿಲೋಮೀಟರಿನಲ್ಲಿ, ಇನ್ನೊಬ್ಬರದು ಮೈಲಿಯಲ್ಲಿ. ಕಿಲೋಮೀಟರಿಗೆ ಐದು ಎಂದರೆ ಮೈಲಿಗೆ ಎಂಟು ತಾನೆ ಎಂದು ಇಬ್ಬರೂ ಒಪ್ಪಿಕೊಂಡು ಹೊರಟರು, ಇಬ್ಬರೂ ತಮ್ಮ ಪೇಸ್ ಅನ್ನು ಕೊನೆಯವರೆಗೆ ಚಾಚೂ ತಪ್ಪದೆ ಕಾಪಾಡಿದರು.

ಮೈಲಿಗೆ 8:00 ಓಡಿದವರು 3 ಗಂಟೆ 29 ನಿಮಿಷ 45 ಸೆಕೆಂಡಿಗೆ ಮುಗಿಸುತ್ತಾರೆ. ಗುರಿ ಕೈಗೂಡಿತು, ಹದಿನೈದು ಸೆಕೆಂಡ್ ಉಳಿಸಿ. ಕಿಲೋಮೀಟರಿಗೆ 5:00 ಓಡಿದವರು ಮುಗಿಸುವುದು 3 ಗಂಟೆ 30 ನಿಮಿಷ 58 ಸೆಕೆಂಡಿನ ಆಚೆಗೆ. ಇಬ್ಬರ ನಡುವೆ ಒಂದು ನಿಮಿಷಕ್ಕೂ ಹೆಚ್ಚು ಅಂತರ, ಮತ್ತು ಗುರಿಯ ಗೆರೆ ಸರಿಯಾಗಿ ಆ ಅಂತರದ ನಡುವೆ ಬಿದ್ದಿದೆ. ಎರಡನೆಯವರ ಓಟದಲ್ಲಿ ಯಾವ ಕುಂದೂ ಇರಲಿಲ್ಲ. ಅವರು ಹೊರಟ ಅಂಕಿಯೇ ಸಾಲದಾಗಿತ್ತು.

ಸರಿಯಾದ ಅಂಕಿ ಯಾವುದು? ಮೂರೂವರೆ ಗಂಟೆ ಎಂದರೆ 12,600 ಸೆಕೆಂಡ್. 42.195ರಿಂದ ಭಾಗಿಸಿದರೆ 298.6, ಅಂದರೆ ಕಿಲೋಮೀಟರಿಗೆ 4:58.6. ವಾಚ್ ದಶಮಾಂಶ ತೋರಿಸುವುದಿಲ್ಲ, ಹಾಗಾಗಿ ಇದನ್ನು 4:59 ಎಂದು ಬರೆದುಕೊಳ್ಳುವುದು ರೂಢಿ. ಆದರೆ 4:59ರಲ್ಲಿ ಓಡಿದರೆ 3:30:16, ಗುರಿ ತಪ್ಪುತ್ತದೆ. ಗುರಿಯೊಳಗೆ ಬರಬೇಕಾದಾಗ ಪೇಸ್ ಅನ್ನು ಹತ್ತಿರದ ಅಂಕಿಗೆ ಅಲ್ಲ, ಯಾವಾಗಲೂ ಕೆಳಗಿನ ಅಂಕಿಗೆ ಇಳಿಸಬೇಕು. 4:58ರಲ್ಲಿ ಓಡಿದರೆ 3:29:34. ವೇಗವನ್ನು ಇದಕ್ಕೆ ವಿರುದ್ಧವಾಗಿ ಮೇಲಿನ ಅಂಕಿಗೆ ಏರಿಸಬೇಕು. 4:58.6 ಎಂದರೆ ಗಂಟೆಗೆ 12.06, ಟ್ರೆಡ್‌ಮಿಲ್‌ನಲ್ಲಿ ಅದು ಸಿಗುವುದಿಲ್ಲ. 12.0 ಹಾಕಿದರೆ 5:00, 12.1 ಹಾಕಿದರೆ 4:57.5. ಅಭ್ಯಾಸಕ್ಕೆ 12.1 ಆರಿಸಿ.

ಇದೇ ಲೆಕ್ಕವನ್ನು ಮೇಲ್ಮಟ್ಟದ ಓಟಕ್ಕೂ ಹಚ್ಚಿ ನೋಡಬಹುದು. ಕೆಲ್ವಿನ್ ಕಿಪ್ಟಮ್ 2023ರ ಅಕ್ಟೋಬರಿನಲ್ಲಿ ಚಿಕಾಗೊದಲ್ಲಿ 2:00:35ಕ್ಕೆ ಮ್ಯಾರಥಾನ್ ಮುಗಿಸಿ ವಿಶ್ವದಾಖಲೆ ಬರೆದರು. 7235 ಸೆಕೆಂಡನ್ನು 42.195ರಿಂದ ಭಾಗಿಸಿದರೆ ಕಿಲೋಮೀಟರಿಗೆ 2:51.5, ಮೈಲಿಗೆ 4:36, ಗಂಟೆಗೆ 21 ಕಿಲೋಮೀಟರ್.

ಕಾಗದದ ಮೇಲಿನ 4:58 ರಸ್ತೆಯಲ್ಲಿ ಪೂರ್ತಿ ನಿಲ್ಲುವುದಿಲ್ಲ. ಸ್ಪರ್ಧೆಯ ದಾರಿಯನ್ನು ಅಳೆಯುವುದು ಓಡಬಹುದಾದ ಅತಿ ಹತ್ತಿರದ ಗೆರೆಯ ಮೇಲೆ, ತಿರುವುಗಳಲ್ಲಿ ಅಂಚಿನಿಂದ ಮೂವತ್ತು ಸೆಂಟಿಮೀಟರ್ ಒಳಗೆ. ಜೊತೆಗೆ ದಾರಿ ಕಡಿಮೆಬೀಳಬಾರದೆಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚುವರಿ ಸೇರಿಸುತ್ತಾರೆ. ಗುಂಪಿನಲ್ಲಿ ಓಡುವವರು ಆ ಗೆರೆಯ ಮೇಲೆ ಇರಲಾರರು. ತಿರುವಿನಲ್ಲಿ ಹೊರಗೆ ಸರಿಯುತ್ತಾರೆ, ನೀರಿನ ಮೇಜಿನ ಕಡೆ ಹೋಗುತ್ತಾರೆ, ಮುಂದಿನವರನ್ನು ಬಳಸಿ ಹೋಗುತ್ತಾರೆ. ಜಿಪಿಎಸ್‌ನ ತಪ್ಪೂ ಸೇರಿ, ಕೊನೆಯಲ್ಲಿ ವಾಚ್ 42.5 ಕಿಲೋಮೀಟರ್ ಎಂದು ತೋರಿಸಿದರೆ ಅಚ್ಚರಿಯಿಲ್ಲ. ಆ ದೂರವನ್ನು ಮೂರೂವರೆ ಗಂಟೆಯಲ್ಲಿ ಮುಗಿಸಬೇಕಾದರೆ ವಾಚ್‌ನಲ್ಲಿ ಕಾಣಬೇಕಾದ ಸರಾಸರಿ 4:56. ವಾಚ್ ಕೊನೆಯವರೆಗೂ 4:58 ತೋರಿಸುತ್ತಿದ್ದರೂ ಗುರಿ ತಪ್ಪಿದವರ ಕತೆ ಹೆಚ್ಚಾಗಿ ಇದೇ.

ಅದಕ್ಕೇ ಸ್ಪರ್ಧೆಯ ದಿನ ವಾಚ್‌ನ ಪೇಸ್‌ಗಿಂತ ದಾರಿಬದಿಯ ಫಲಕದ ಬಳಿ ನೋಡಿದ ಒಟ್ಟು ಹೊತ್ತು ನಂಬಲು ಯೋಗ್ಯ. 4:58ರ ಲೆಕ್ಕದಲ್ಲಿ ಹತ್ತನೆಯ ಕಿಲೋಮೀಟರ್ ಫಲಕದ ಬಳಿ 49:40 ಆಗಿರಬೇಕು, ಅರ್ಧ ದಾರಿಗೆ 1:44:47, ಮೂವತ್ತಕ್ಕೆ 2:29:00, ನಲವತ್ತಕ್ಕೆ 3:18:40. ಉಳಿದ 2.195 ಕಿಲೋಮೀಟರಿಗೆ 10:54. ಫಲಕಗಳು ಮೈಲಿಯಲ್ಲಿದ್ದು ನೀವು 8:00ರ ಲೆಕ್ಕದಲ್ಲಿದ್ದರೆ ಎಣಿಕೆ ಇನ್ನೂ ಸುಲಭ: ಹತ್ತಕ್ಕೆ 1:20:00, ಇಪ್ಪತ್ತಕ್ಕೆ 2:40:00, ಇಪ್ಪತ್ತಾರಕ್ಕೆ 3:28:00, ಕೊನೆಯ ತುಂಡಿಗೆ 1:45.

ಅರ್ಧ ದಾರಿಯಲ್ಲಿ ಗಡಿಯಾರ 1:45:15 ತೋರಿಸಿತು ಎನ್ನಿ. ಗುರಿಯ ಅರ್ಧಕ್ಕಿಂತ ಹದಿನೈದು ಸೆಕೆಂಡ್ ತಡ. ಉಳಿದಿರುವುದು 1:44:45, ಅಂದರೆ 6285 ಸೆಕೆಂಡ್. ಉಳಿದ ದೂರ 21.0975 ಕಿಲೋಮೀಟರ್. ಭಾಗಿಸಿದರೆ 297.9 ಸೆಕೆಂಡ್. ಇಲ್ಲಿಯವರೆಗೆ ಓಡಿದ್ದು 299.3 ಸೆಕೆಂಡಿನಂತೆ. ಇನ್ನು ಮುಂದೆ ಪ್ರತಿ ಕಿಲೋಮೀಟರಿಗೆ ಒಂದೂವರೆ ಸೆಕೆಂಡ್ ಉಳಿಸಿದರೆ ಸಾಕು. ಮುಂದಿನ ಕಿಲೋಮೀಟರಿನಲ್ಲೇ ಹದಿನೈದನ್ನೂ ಹಿಡಿಯಲು ಹೋಗಬೇಕಾಗಿಲ್ಲ.